ನಗೆಯ ಹೂಟ, ನಗೆಯ ಫಲ

ತುಂಗಭದ್ರೆಯ ದಡದ ಹರಿಹರ ಕ್ಷೇತ್ರಕ್ಕೆ ಒಂದು ಸ್ಥಳಪುರಾಣವಿದೆ. ಗುಹಾಸುರನೆಂಬ ರಕ್ಕಸನು ತಪಸ್ಸು ಮಾಡಿ, ತನಗೆ ಹರಿಯಿಂದಲೂ ಸಾವು ಬರಬಾರದು, ಹರನಿಂದಲೂ ಬರಬಾರದು ಎಂದು ವರ ಪಡೆದನಂತೆ. ಕತೆ ಕೇಳುವವನಿಗೆ ಎಲ್ಲ ಬಾಗಿಲುಗಳೂ ಮುಚ್ಚಿಹೋದಂತೆ ತೋರುತ್ತದೆ. ಆಮೇಲೆ ಹರಿಯೂ ಹರನೂ ಒಂದೇ ಮೈಯಾಗಿ ಬಂದು ನಿಲ್ಲುತ್ತಾರೆ. ಬಲಭಾಗ ಹರ, ಎಡಭಾಗ ಹರಿ. ಹೀಗೆ ಬಂದವನು ಹರಿಯೂ ಅಲ್ಲ, ಹರನೂ ಅಲ್ಲ. ವರದ ಮಾತು ಮುರಿಯಲಿಲ್ಲ, ರಕ್ಕಸನು ಉಳಿಯಲಿಲ್ಲ. ಹದಿಮೂರನೆಯ ಶತಮಾನದ ಹೊಯ್ಸಳ ದೇಗುಲದಲ್ಲಿ ಆ ಮೂರ್ತಿ ಇಂದಿಗೂ ನಿಂತಿದೆ.

ಇದು ನಗೆಯ ಕತೆಯಲ್ಲ, ಭಕ್ತಿಯ ಕತೆ. ಆದರೆ ಅದರ ಕಟ್ಟಡವನ್ನು ನೋಡಬೇಕು. ಕೇಳುಗನಿಂದ ಯಾವುದನ್ನೂ ಮುಚ್ಚಿಡಲಿಲ್ಲ. ವರದ ಮಾತುಗಳನ್ನು ಮೊದಲೇ, ಗಟ್ಟಿಯಾಗಿ, ಪೂರ್ತಿಯಾಗಿ ಹೇಳಿಯಾಯಿತು. ಬಿರುಕು ಆ ಮಾತಿನೊಳಗೇ ಇತ್ತು. ನಮ್ಮ ಕಣ್ಣಿಗೆ ಬೀಳಲಿಲ್ಲ, ಅಷ್ಟೆ. ಕೊನೆಯಲ್ಲಿ ಎಲ್ಲಿಂದಲೋ ಹೊಸದೊಂದು ಅಸ್ತ್ರವನ್ನು ತಂದು ರಕ್ಕಸನನ್ನು ಕೊಂದಿದ್ದರೆ ನಾವು ಕೈಮುಗಿಯುತ್ತಿದ್ದೆವೇನೋ, ತಲೆದೂಗುತ್ತಿರಲಿಲ್ಲ. ನಗೆಯ ಕಸುಬೂ ಇದೇ ಕಟ್ಟಡದ ಮೇಲೆ ನಿಂತಿದೆ. ಮೊದಲು ಒಂದು ಸಂಗತಿಯನ್ನು ಬೆಳಕಿನಲ್ಲೇ ಹೂಡುವುದು. ಇದನ್ನು ಹೂಟ ಎನ್ನೋಣ. ನೋಡುವವನ ಮನಸ್ಸು ಒಂದು ದಾರಿ ಹಿಡಿಯುವಷ್ಟು ಹೊತ್ತು ಕೊಡುವುದು, ಇದು ಬಿಡುವು. ಅದೇ ಸಂಗತಿಯಿಂದಲೇ ಅವನು ಎಣಿಸದ ಅರ್ಥವನ್ನು ಹೊರಡಿಸುವುದು, ಇದು ಫಲ. ಕಂಪನಿ ನಾಟಕದವರು ಈ ಮೂರನ್ನೂ ಸೇರಿಸಿ ‘ಟೈಮಿಂಗ್’ ಎಂದುಬಿಡುತ್ತಾರೆ. ಮಾತು ಇಂಗ್ಲಿಷಿನದಾದರೂ ಕಸುಬು ಅವರದೇ.

ಈ ವಿಷಯವನ್ನು ಈ ವಾರ ಎತ್ತಿಕೊಳ್ಳಲು ಕಾರಣವಿದೆ. ನಮ್ಮ ಕಾಲೇಜುಗಳ ಯುವಜನೋತ್ಸವಗಳಲ್ಲಿ ನಗೆನಾಟಕಗಳಿಗೆ ಬರವಿಲ್ಲ. ಕೈಫೋನಿನಲ್ಲಿ ನಗೆಯ ತುಣುಕುಗಳಿಗೆ ಕೊನೆಯಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಫಲವನ್ನು ಮಾತ್ರ ಬಲ್ಲವು, ಹೂಟವನ್ನು ಬಲ್ಲವಲ್ಲ. ಬಿದ್ದವನನ್ನು ತೋರಿಸುತ್ತವೆ, ಬೀಳುವ ಜಾಗವನ್ನು ತೋರಿಸುವುದಿಲ್ಲ. ನಗೆ ಹುಟ್ಟದಿದ್ದಾಗ ದನಿ ಏರಿಸುತ್ತವೆ, ಇಲ್ಲವೆ ಹಿಂದಿನಿಂದ ಒಂದು ‘ಟೊಂಯ್’ ಶಬ್ದ ಹಾಕುತ್ತವೆ. ಇದು ಪ್ರತಿಭೆಯ ಕೊರತೆ ಎಂದು ನಾನು ನಂಬುವುದಿಲ್ಲ. ಕಲಿಯಬಹುದಾದದ್ದನ್ನು ಕಲಿಸುವ ಜಾಗ ಕಾಣೆಯಾಗುತ್ತಿದೆ ಎಂಬುದೇ ನನ್ನ ವಾದ.

ಮೈಯ ನಗೆಯಿಂದ ಆರಂಭಿಸೋಣ; ಅಲ್ಲಿ ಕಸುಬು ಕಣ್ಣಿಗೆ ಕಾಣುತ್ತದೆ. 1931ರಲ್ಲಿ ತೆರೆಕಂಡ ಚಾಪ್ಲಿನ್ನನ ‘ಸಿಟಿ ಲೈಟ್ಸ್’ ಚಿತ್ರದಲ್ಲಿ ಅಲೆಮಾರಿಯು ಹೂ ಮಾರುವ ಕುರುಡು ಹುಡುಗಿಯನ್ನು ಮೊದಲ ಸಲ ಕಾಣುವ ದೃಶ್ಯವನ್ನು ತೆಗೆದುಕೊಳ್ಳಿ. ಚಿತ್ರದ ಕತೆಯೆಲ್ಲ ಒಂದು ತಪ್ಪು ತಿಳಿವಳಿಕೆಯ ಮೇಲೆ ನಿಲ್ಲಬೇಕು: ಚಿಂದಿ ಬಟ್ಟೆಯವನನ್ನು ಹುಡುಗಿ ಸಿರಿವಂತನೆಂದು ತಿಳಿಯಬೇಕು. ಅವಳಿಗೆ ಕಣ್ಣಿಲ್ಲವೆಂದ ಮಾತ್ರಕ್ಕೆ ಹಾಗೆ ತಿಳಿಯಲು ಕಾರಣವೇನು? ಈ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತ ಚಾಪ್ಲಿನ್ ಆ ದೃಶ್ಯವನ್ನು ಮುನ್ನೂರಕ್ಕೂ ಮೀರಿ ಸಲ ಚಿತ್ರೀಕರಿಸಿದನೆಂದು ದಾಖಲೆಯಿದೆ. ಕೊನೆಗೆ ಸಿಕ್ಕ ಉತ್ತರ ಒಂದು ಕಾರಿನ ಬಾಗಿಲು.

ಬೀದಿ ವಾಹನಗಳಿಂದ ಕಿಕ್ಕಿರಿದಿದೆ. ಪೊಲೀಸಿನವನ ಕಣ್ಣು ತಪ್ಪಿಸಲು ಅಲೆಮಾರಿಯು ನಿಂತಿದ್ದ ದೊಡ್ಡ ಕಾರಿನ ಒಂದು ಬಾಗಿಲಿನಿಂದ ಹತ್ತಿ ಮತ್ತೊಂದು ಬಾಗಿಲಿನಿಂದ ಕಾಲುದಾರಿಗೆ ಇಳಿಯುತ್ತಾನೆ, ಬಾಗಿಲು ಹಾಕುತ್ತಾನೆ. ನಮಗದು ಒಂದು ಚಿಕ್ಕ ತಮಾಷೆ. ಸಿರಿವಂತರ ಕಾರನ್ನು ಓಣಿಯಂತೆ ಬಳಸಿಕೊಂಡನಲ್ಲ ಎಂದು ನಗುತ್ತೇವೆ. ಆದರೆ ಬಾಗಿಲ ಸದ್ದು ಕೇಳಿದ ಹುಡುಗಿ ಕಾರಿನ ಒಡೆಯನೇ ಇಳಿದನೆಂದು ಹೂವನ್ನು ಚಾಚುತ್ತಾಳೆ. ನಾವು ನಕ್ಕ ಸಂಗತಿಯೇ ಹೂಟವಾಗಿತ್ತು! ಒಳ್ಳೆಯ ಹೂಟದ ಮೊದಲ ಲಕ್ಷಣವಿದು: ಅದು ಹೂಟವೆಂದು ಗೊತ್ತಾಗಬಾರದು, ತನ್ನಷ್ಟಕ್ಕೆ ತಾನು ಬೇರೊಂದು ಕೆಲಸ ಮಾಡುತ್ತಿರುವಂತೆ ಕಾಣಬೇಕು.

ಮುಂದೆ ಹೂವು ಕೈತಪ್ಪಿ ಬೀಳುತ್ತದೆ. ಅವನು ಅದನ್ನು ಎತ್ತಿಕೊಂಡ ಮೇಲೂ ಅವಳ ಕೈ ನೆಲವನ್ನು ತಡವುತ್ತಿರುತ್ತದೆ. ಆಗ ಅವನಿಗೆ ಅರ್ಥವಾಗುತ್ತದೆ. ತನ್ನಲ್ಲಿದ್ದ ನಾಣ್ಯವನ್ನು ಕೊಡುತ್ತಾನೆ. ಅಷ್ಟರಲ್ಲಿ ಕಾರಿನ ನಿಜವಾದ ಒಡೆಯ ಬಂದು ಕಾರು ಹತ್ತಿ, ಬಾಗಿಲು ಹಾಕಿಕೊಂಡು ಹೊರಟುಹೋಗುತ್ತಾನೆ. ಸಿರಿವಂತನು ಚಿಲ್ಲರೆ ತೆಗೆದುಕೊಳ್ಳದೆ ಹೋದನೆಂದು ಹುಡುಗಿ ತಿಳಿಯುತ್ತಾಳೆ. ಅಲೆಮಾರಿಯು ತುದಿಗಾಲಿನಲ್ಲಿ ದೂರ ಸರಿದು, ಮತ್ತೆ ಬಂದು ಸದ್ದಿಲ್ಲದೆ ಕುಳಿತು ಅವಳನ್ನೇ ನೋಡುತ್ತಾನೆ. ಇಲ್ಲಿ ನಗೆಯಿಲ್ಲ. ಚಾಪ್ಲಿನ್ ನಮ್ಮನ್ನು ಆ ಮೌನದಲ್ಲಿ ಸಾಕಷ್ಟು ಹೊತ್ತು ಕೂರಿಸುತ್ತಾನೆ. ನಮ್ಮ ಗಂಟಲು ಬಿಗಿಯತೊಡಗುತ್ತದೆ. ಆಗ ಹುಡುಗಿ ಪಾತ್ರೆ ತೊಳೆದ ನೀರನ್ನು ಎಂದಿನಂತೆ ಪಕ್ಕಕ್ಕೆ ಎರಚುತ್ತಾಳೆ. ಅದು ನೇರವಾಗಿ ಅವನ ಮುಖಕ್ಕೆ. ಅವನು ಕೂಗುವಂತಿಲ್ಲ, ಏಕೆಂದರೆ ಅವನು ಅಲ್ಲಿ ಇಲ್ಲ, ಕಾರಿನಲ್ಲಿ ಹೊರಟುಹೋಗಿದ್ದಾನೆ!

ಆ ನೀರಿನ ಎರಚಾಟ ಸ್ವತಃ ಹಳೆಯ ಸರಕು, ಸರ್ಕಸ್ಸಿನ ಕೋಡಂಗಿಯ ಕಾಲದಿಂದ ಬಂದದ್ದು. ಅದನ್ನು ಹೊಸದು ಮಾಡಿದ್ದು ಬಾಗಿಲು. ಬಾಗಿಲು ಎರಡು ಸಲ ಮುಚ್ಚಿತು. ಮೊದಲನೆಯದು ಅವನನ್ನು ಸಿರಿವಂತನನ್ನಾಗಿ ಮಾಡಿತು, ಎರಡನೆಯದು ಅವನನ್ನು ಮಾಯ ಮಾಡಿತು. ಹಾಗೆ ಮಾಯವಾದವನ ಮುಖಕ್ಕೆ ನೀರು ಬಿದ್ದಾಗ ನಗೆ ಎರಡು ಪಟ್ಟಾಗುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಚಿತ್ರಕ್ಕೆ ಸಂಗೀತವಿದೆ, ಮಾತಿಲ್ಲ. ಬಾಗಿಲ ಸದ್ದಿನ ಮೇಲೆ ನಿಂತ ದೃಶ್ಯವನ್ನು ನಾವು ಕಣ್ಣಿನಿಂದಲೇ ‘ಕೇಳುತ್ತೇವೆ’. ಹೂಟ ಅಷ್ಟು ಸ್ಪಷ್ಟವಾಗಿದ್ದರೆ ಶಬ್ದದ ಹಂಗು ಬೇಕಿಲ್ಲ.

ಮೈಯ ನಗೆಗೆ ಮತ್ತೊಂದು ನಿಯಮವುಂಟು. ಅದನ್ನು ಬಸ್ಟರ್ ಕೀಟನ್‌ನಷ್ಟು ಶುದ್ಧವಾಗಿ ಪಾಲಿಸಿದವರು ಕಡಿಮೆ. 1928ರ ‘ಸ್ಟೀಮ್‌ಬೋಟ್ ಬಿಲ್, ಜೂನಿಯರ್’ ಚಿತ್ರದಲ್ಲಿ ಬಿರುಗಾಳಿಗೆ ಸಿಕ್ಕ ಮನೆಯೊಂದರ ಮುಂಗೋಡೆ ಇಡಿಯಾಗಿ ಕಳಚಿ ಕೀಟನ್ನನ ಮೇಲೆ ಬೀಳುತ್ತದೆ. ಅವನು ಕದಲುವುದಿಲ್ಲ. ಮೇಲಂತಸ್ತಿನ ತೆರೆದ ಕಿಟಕಿ ಸರಿಯಾಗಿ ಅವನು ನಿಂತ ಜಾಗದ ಮೇಲೆ ಬಂದು, ಅವನು ಕಿಟಕಿಯ ತೂತಿನೊಳಗೆ ನಿಂತಂತೆ ಉಳಿಯುತ್ತಾನೆ. ಕೋಡೆ ನಿಜವಾದದ್ದು, ಭಾರವಾದದ್ದು. ಮೈಗೂ ಚೌಕಟ್ಟಿಗೂ ನಡುವೆ ಇದ್ದದ್ದು ಕೆಲವೇ ಅಂಗುಲಗಳ ಜಾಗ. ಇದೇ ಉಪಾಯವನ್ನು ಚಿಕ್ಕದಾಗಿ 1920ರ ‘ಒನ್ ವೀಕ್’ ಚಿತ್ರದಲ್ಲಿ ಅವನು ಮೊದಲೇ ಮಾಡಿ ನೋಡಿದ್ದನು.

ಇಲ್ಲಿ ಕಸುಬು ಎಲ್ಲಿದೆ? ಕ್ಯಾಮರಾ ದೂರ ನಿಂತಿದೆ. ಮನುಷ್ಯನ ಅಡಿಯಿಂದ ಮುಡಿಯವರೆಗೂ, ಅವನ ಹಿಂದಿನ ಮನೆಯೂ, ಕಿಟಕಿಯೂ ಒಂದೇ ಚೌಕಟ್ಟಿನಲ್ಲಿ ಕಾಣುತ್ತವೆ. ನಡುವೆ ಕತ್ತರಿಯಿಲ್ಲ. ಹೂಟವೂ ಫಲವೂ ಒಂದೇ ನೋಟದೊಳಗಿವೆ. ಕಿಟಕಿ ಮೊದಲಿನಿಂದಲೂ ಅಲ್ಲಿತ್ತು, ಗುಹಾಸುರನ ವರದಲ್ಲಿದ್ದ ಬಿರುಕಿನಂತೆ. ಈ ದೃಶ್ಯವನ್ನೇ ಇಂದಿನ ಅವಸರದ ಸಂಕಲನಕಾರನ ಕೈಗೆ ಕೊಟ್ಟರೆ ಏನಾದೀತೆಂದು ಊಹಿಸಿ. ಮೊದಲು ಕೀಟನ್ನನ ಮುಖ, ಆಮೇಲೆ ಬಿರಿಯುವ ಗೋಡೆ, ಮತ್ತೆ ಹೆದರಿದ ಮುಖ, ಆಮೇಲೆ ಧೂಳು. ಪ್ರತಿ ತುಣುಕೂ ಚೆನ್ನಾಗಿರಬಹುದು. ನಗೆ ಮಾತ್ರ ಸತ್ತಿರುತ್ತದೆ. ಕಾರಣವಿಷ್ಟೆ: ಗೋಡೆಯೂ ಮನುಷ್ಯನೂ ಒಂದೇ ಜಾಗದಲ್ಲಿ ಇದ್ದರೆಂಬ ನಂಬಿಕೆ ಕತ್ತರಿಯಿಂದ ಕೆಟ್ಟುಹೋಯಿತು. ಭಯಕ್ಕೆ ಹತ್ತಿರದ ನೋಟ ಒಪ್ಪಬಹುದು. ಬೀಳುವ ನಗೆಗೆ ದೂರದ ನೋಟವೇ ಬೇಕು. ವಿದ್ಯಾರ್ಥಿಗಳು ತಾವು ತೆಗೆದ ತುಣುಕು ನಗಿಸದಿದ್ದರೆ ಮೊದಲು ನೋಡಬೇಕಾದದ್ದು ಇದು: ಬಾಳೆಹಣ್ಣಿನ ಸಿಪ್ಪೆಯೂ ಅದರ ಮೇಲೆ ಇಡುವ ಕಾಲೂ ಒಂದೇ ಚೌಕಟ್ಟಿನಲ್ಲಿವೆಯೆ?

ಇನ್ನು ಮಾತಿನ ನಗೆ. ಇಲ್ಲಿ ನಾವು ಚಾಪ್ಲಿನ್ನನ ನಾಡಿಗೆ ಹೋಗಬೇಕಾಗಿಲ್ಲ. ದಾವಣಗೆರೆಯ ನಾಟಕದ ಗುಡಾರವೇ ಸಾಕು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಇಲ್ಲಿನ ಹಿರಿಯರು ಮರೆಯಲಾರರು. ಆ ಮನೆತನದ ಚಿಂದೋಡಿ ಲೀಲಾ ಅವರು ‘ಹಳ್ಳಿ ಹುಡುಗಿ’, ‘ಪೊಲೀಸನ ಮಗಳು’ ಮುಂತಾದ ನಾಟಕಗಳಿಂದ ನಾಡೆಲ್ಲ ಹೆಸರಾದರು, 1988ರಲ್ಲಿ ಪದ್ಮಶ್ರೀ ಪಡೆದರು, 2010ರಲ್ಲಿ ತೀರಿಕೊಂಡರು. ಇಂಥ ಕಂಪನಿಗಳು ಒಂದೇ ಊರಿನಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡಿ ಒಂದೇ ನಾಟಕವನ್ನು ಇರುಳಿರುಳೂ ಆಡುತ್ತಿದ್ದವು. ಹಾಸ್ಯಪಾತ್ರಧಾರಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಇಲ್ಲ. ನಿನ್ನೆ ಸತ್ತ ಮಾತನ್ನು ಇಂದು ಒಂದು ಪದ ಹಿಂದುಮುಂದು ಮಾಡಿ ಆಡಬಹುದು, ನಾಳೆ ಮತ್ತೊಂದು. ನಗೆ ಬಂದ ರೂಪವೇ ನಿಲ್ಲುತ್ತದೆ.

ಆ ಪದ ಹಿಂದುಮುಂದಾಗುವುದರ ಮರ್ಮವನ್ನು ಒಂದು ಉದಾಹರಣೆಯಿಂದ ತೋರಿಸುತ್ತೇನೆ. ಇದು ಯಾವ ನಾಟಕದ್ದೂ ಅಲ್ಲ, ಈ ಲೇಖನಕ್ಕೆಂದೇ ಕಟ್ಟಿದ್ದು. ಊರಗೌಡರಿಂದ ಸಾಲ ಕೇಳಲು ಬಂದ ಪರವೂರಿನವನು ಗೌಡರ ಆಳನ್ನು ಕೇಳುತ್ತಾನೆ: “ನಿಮ್ಮ ಗೌಡ್ರು ಕೊಟ್ಟ ಮಾತಿಗೆ ತಪ್ಪಾರಲ್ಲ, ಹೌದಿಲ್ಲೋ?” ಆಳು ಹೇಳುತ್ತಾನೆ: “ಏ, ಗೌಡ್ರು ಮಾತು ಕೊಡಾದೇ ಇಲ್ರೀ, ಅದಕ್ಕ ತಪ್ಪಾದೂ ಇಲ್ಲ.” ಓದುವವರ ತುಟಿ ಸ್ವಲ್ಪ ಅರಳಬಹುದು, ಗುಡಾರ ನಗುವುದಿಲ್ಲ. ಏಕೆ? ಫಲ ಮೊದಲು ಬಂದು, ಹೂಟ ಅದರ ಹಿಂದೆ ವಿವರಣೆಯಾಗಿ ಎಳೆದುಕೊಂಡು ಬಂದಿದೆ. ‘ಅದಕ್ಕ’ ಎಂಬ ಪದ ನಗೆಯನ್ನು ಲೆಕ್ಕವನ್ನಾಗಿ ಮಾಡಿತು.

ಈಗ ತಿರುಗಿಸೋಣ. ಆಳು ಗರ್ವದಿಂದ ಎದೆಯುಬ್ಬಿಸಿ ಹೇಳುತ್ತಾನೆ: “ಗೌಡ್ರು ಮಾತು ತಪ್ಪಿದ್ದ ನಾ ಒಂದಿನಾನೂ ನೋಡಿಲ್ರೀ.” ಪರವೂರಿನವನ ಮುಖ ಅರಳುತ್ತದೆ, ಅವನು ಹೆಗಲ ಚೀಲವನ್ನು ಕೆಳಗಿಡುತ್ತಾನೆ. ಆಳು ಮುಂದುವರಿಸುತ್ತಾನೆ: “ಕೊಟ್ಟದ್ದೂ ನೋಡಿಲ್ರೀ.” ಇದು ನಗಿಸುತ್ತದೆ. ಮೊದಲ ವಾಕ್ಯ ಹೊಗಳಿಕೆಯಾಗಿ ಪೂರ್ತಿ ನಿಂತಿತು. ಎರಡನೆಯದು ಅದನ್ನು ಸುಳ್ಳು ಮಾಡಲಿಲ್ಲ, ಅದರ ನಿಜವಾದ ಅರ್ಥವನ್ನು ಮಾತ್ರ ಹೇಳಿತು. ಆದರೂ ಒಂದು ತೊಡಕು ಉಳಿದಿದೆ. ನಗೆಯ ಪದ ‘ಕೊಟ್ಟದ್ದೂ’ ಎಂಬುದು. ಅದು ಬಾಯಿಂದ ಬಿದ್ದೊಡನೆ ಚುರುಕಾದ ಮಂದಿ ನಗಲು ಆರಂಭಿಸುತ್ತಾರೆ. ‘ನೋಡಿಲ್ರೀ’ ಎಂಬುದು ಆ ಸದ್ದಿನಲ್ಲಿ ಮುಳುಗಿ, ಹಿಂದಿನ ಸಾಲಿನವರು ‘ಏನಂದ, ಏನಂದ’ ಎಂದು ಕೇಳುವಂತಾಗುತ್ತದೆ. ನಗೆ ಎರಡಾಗಿ ಒಡೆಯುತ್ತದೆ.

ಪಳಗಿದ ನಟನು ಮಾಡುವುದೇನೆಂದರೆ ಆಡುಮಾತಿನ ಸ್ವಾತಂತ್ರ್ಯವನ್ನು ಹಿಡಿಯುವುದು: “ನೋಡಿಲ್ರೀ... ಕೊಟ್ಟದ್ದೂ.” ಬರವಣಿಗೆಯ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಿಷೇಧವೂ ಅದರ ಬಾಲದಲ್ಲೇ ಇರುತ್ತದೆ. ‘ಮಾಡುತ್ತಾನೆ’ ಎಂದುಕೊಂಡದ್ದು ಕೊನೆಯ ಅಕ್ಷರದಲ್ಲಿ ‘ಮಾಡುವುದಿಲ್ಲ’ ಆಗಬಹುದು. ನಗೆಗಾರನಿಗೆ ಇದೊಂದು ಸಿದ್ಧವಾದ ಅನುಕೂಲ, ಇಂಗ್ಲಿಷಿನವನಿಗೆ ಇಲ್ಲದ್ದು. ಆಡುಮಾತಿನಲ್ಲಾದರೋ ಬೇಕಾದ ಪದವನ್ನು ಕ್ರಿಯಾಪದದ ಆಚೆಗೂ ತಂದಿಡಬಹುದು. ಎರಡು ದಾರಿಯಲ್ಲಿ ಯಾವುದನ್ನು ಹಿಡಿದರೂ ಗುರಿ ಒಂದೇ: ಅರ್ಥವನ್ನು ತಿರುಗಿಸುವ ಅಕ್ಷರ ಎಲ್ಲಕ್ಕಿಂತ ಕೊನೆಗೆ ಬೀಳಬೇಕು, ಅದರ ಹಿಂದೆ ಏನೂ ಇರಬಾರದು. ನಮ್ಮ ಸೀಮೆಯ ಮರ್ಯಾದೆಯ ‘ರೀ’ ಕೂಡ!

ಚೀಲವನ್ನು ಕೆಳಗಿಡುವ ಆ ಹೊತ್ತೇ ಬಿಡುವು. ಅದನ್ನು ಕೈಬಿಟ್ಟು ಎರಡು ವಾಕ್ಯಗಳನ್ನೂ ಒಂದೇ ಉಸಿರಿನಲ್ಲಿ ಆಡಿದರೆ, ಹೊಗಳಿಕೆ ಮನಸ್ಸಿನಲ್ಲಿ ಕೂರುವುದಿಲ್ಲ. ತಿರುಗಿಸಲು ಏನೂ ಇರುವುದಿಲ್ಲ. ಬಿಡುವನ್ನು ಅತಿಯಾಗಿ ಹಿಗ್ಗಿಸಿದರೆ ಪ್ರೇಕ್ಷಕನೇ ಮುಂದಿನ ಮಾತನ್ನು ಊಹಿಸಿ ನಟನಿಗಿಂತ ಮೊದಲೇ ಫಲವನ್ನು ಕಿತ್ತುಕೊಳ್ಳುತ್ತಾನೆ. ಎಷ್ಟು ಹೊತ್ತು ಸರಿ ಎಂಬುದಕ್ಕೆ ಗಡಿಯಾರದ ಉತ್ತರವಿಲ್ಲ, ಸುರಕ್ಷಿತವಾದ ಉತ್ತರವೊಂದಿದೆ. ಬಿಡುವನ್ನು ಬರಿದಾಗಿ ಬಿಡದೆ ಒಂದು ಕೆಲಸದಿಂದ ತುಂಬಬೇಕು. ಚೀಲ ಇಳಿಸುವುದು, ಬೆವರು ಒರೆಸುವುದು, ಎಲೆಗೆ ಸುಣ್ಣ ಹಚ್ಚುವುದು. ಕೆಲಸ ಮುಗಿಯುವುದೇ ಮಾತಿಗೆ ಸನ್ನೆ.

ರಂಗದ ಮೇಲೆ ನಗೆ ಬಂದರೆ ನಟನು ಕಾಯುತ್ತಾನೆ. ನಗೆಯ ಅಲೆ ಏರಿ, ತುದಿ ಮುಟ್ಟಿ, ಇಳಿಯತೊಡಗಿ, ಪೂರ್ತಿ ಆರುವುದಕ್ಕೆ ಸ್ವಲ್ಪ ಮೊದಲು ಮುಂದಿನ ಮಾತನ್ನು ಎತ್ತುತ್ತಾನೆ. ‘ಲಂಚಾವತಾರ’ವನ್ನು ಸಾವಿರಾರು ಸಲ ಆಡಿದ ಮಾಸ್ಟರ್ ಹಿರಣ್ಣಯ್ಯನವರು ಅಂದಂದಿನ ಸುದ್ದಿಯನ್ನು ಮಾತಿನೊಳಗೆ ಸೇರಿಸುತ್ತಿದ್ದುದು ಪ್ರೇಕ್ಷಕರ ಉಸಿರಾಟ ಅವರ ಕಿವಿಗೆ ಬೀಳುತ್ತಿದ್ದುದರಿಂದಲೇ. ಆದರೆ ಸಿನಿಮಾ ಕಾಯಲಾರದು. ಬೆಳ್ಳಿತೆರೆಯ ನಟನಿಗೆ ಎದುರಿಗೆ ನಗುತ್ತಿರುವ ಸಾವಿರ ಮಂದಿ ಕಾಣುವುದಿಲ್ಲ. ಸುರುಳಿ ಸೆಕೆಂಡಿಗೆ 24 ಚಿತ್ರಗಳಂತೆ ಓಡುತ್ತಲೇ ಇರುತ್ತದೆ. ಅರ್ಧ ಸೆಕೆಂಡಿನ ಬಿಡುವೆಂದರೆ 12 ಚಿತ್ರಗಳು. ಅವನ್ನು ಇಡುವುದೂ ಕೀಳುವುದೂ ಸಂಕಲನಕಾರನ ಕತ್ತರಿಯಲ್ಲಿದೆ. ಪ್ರೇಕ್ಷಕರು ಎಷ್ಟು ಹೊತ್ತು ನಗುವರೆಂದು ಅವನು ಖಾಲಿ ಕೋಣೆಯಲ್ಲಿ ಕುಳಿತು ಊಹಿಸಬೇಕು. ಕಡಿಮೆ ಊಹಿಸಿದರೆ ಮುಂದಿನ ಹೂಟ ನಗೆಯಲ್ಲಿ ಮುಳುಗುತ್ತದೆ, ಅದರ ಫಲವೂ ಹಾಳು. ಹೆಚ್ಚು ಊಹಿಸಿದರೆ ತೆರೆಯ ಮೇಲಿನವರು ಪೆಚ್ಚುಪೆಚ್ಚಾಗಿ ನಿಂತಂತೆ ಕಾಣುತ್ತಾರೆ.

ಈ ತೊಡಕಿಗೆ ಮಾರ್ಕ್ಸ್ ಸಹೋದರರು ಕಂಡುಕೊಂಡ ಪರಿಹಾರ ನಮ್ಮ ಕಂಪನಿ ನಾಟಕದವರಿಗೆ ಚೆನ್ನಾಗಿ ಅರ್ಥವಾಗುವಂಥದು. 1935ರ ‘ಎ ನೈಟ್ ಅಟ್ ದಿ ಆಪೆರಾ’ ಚಿತ್ರವನ್ನು ತೆಗೆಯುವ ಮೊದಲು ನಿರ್ಮಾಪಕ ಅರ್ವಿಂಗ್ ಥಾಲ್ಬರ್ಗ್ ಅವರನ್ನು ಊರೂರಿಗೆ ಕಳುಹಿಸಿದನು. ಚಿತ್ರದ ನಗೆಯ ದೃಶ್ಯಗಳನ್ನು ಅವರು ರಂಗದ ಮೇಲೆ ಆಡಿದರು. ಯಾವ ಮಾತು ನಗಿಸುತ್ತದೆ, ನಗೆ ಎಷ್ಟು ಹೊತ್ತು ಇರುತ್ತದೆ ಎಂದು ಅಳೆದು, ಬರೆದುಕೊಂಡು, ಸತ್ತ ಮಾತುಗಳನ್ನು ತಿದ್ದಿ, ಆಮೇಲೆ ಚಿತ್ರೀಕರಣಕ್ಕೆ ಹೋದರು. ಅಂದರೆ ಸಿನಿಮಾ ತನ್ನ ಬಿಡುವನ್ನು ನಾಟಕದ ಗುಡಾರದಿಂದ ಸಾಲ ತಂದಿತು.

ಕನ್ನಡ ಚಿತ್ರರಂಗಕ್ಕೆ ಆ ಸಾಲ ಕೇಳದೆಯೇ ದೊರಕಿತ್ತು. 1954ರ ‘ಬೇಡರ ಕಣ್ಣಪ್ಪ’ದಿಂದ ಮನೆಮಾತಾದ ನರಸಿಂಹರಾಜು ಅವರೂ, ಬಾಲಕೃಷ್ಣ ಅವರೂ ವೃತ್ತಿನಾಟಕ ಮಂಡಳಿಗಳಲ್ಲಿ ಬೆಳೆದು ಬಂದವರು, ಕ್ಯಾಮರಾದ ಮುಂದೆ ನಿಂತಾಗಲೂ ಇಲ್ಲದ ಪ್ರೇಕ್ಷಕರ ನಗೆ ಅವರ ಮನಸ್ಸಿನ ಕಿವಿಗೆ ಕೇಳುತ್ತಿತ್ತು. ಬಾಲಕೃಷ್ಣ ಅವರ ಸಂಗತಿ ಇನ್ನೂ ವಿಶೇಷವಾದದ್ದು. ಅವರಿಗೆ ಕಿವಿ ಮಂದ. ಎದುರಿನ ನಟನ ತುಟಿಯ ಚಲನೆಯನ್ನು ನೋಡಿ ತಮ್ಮ ಮಾತಿನ ಸರದಿಯನ್ನು ಹಿಡಿಯುತ್ತಿದ್ದರು. ಅವರ ಹಳೆಯ ಚಿತ್ರಗಳನ್ನು ಮತ್ತೆ ನೋಡಿದಾಗ ನನಗೆ ತೋರುವುದಿಷ್ಟು: ಅವರ ಕಣ್ಣು ಎದುರಿನವನ ಮೇಲೆ ನೆಟ್ಟಿರುತ್ತದೆ, ಅವನ ಮಾತು ಪೂರ್ತಿ ಮುಗಿಯುವವರೆಗೆ ಇವರು ಬಾಯಿ ತೆರೆಯುವುದಿಲ್ಲ. ಎದುರಿನವನ ಹೂಟವನ್ನು ತುಳಿಯದಿರುವುದೇ ಸಂಭಾಷಣೆಯ ನಗೆಯ ಅರ್ಧ ಕಸುಬು. ಕಿವಿಯಿದ್ದೂ ಕೇಳದ ನಟರು ಇದನ್ನು ಅವರಿಂದ ಕಲಿಯಬೇಕು.

ಮೈಯೂ ಮಾತೂ ಕೂಡಿ ಬರುವುದು ಹೇಗೆಂಬುದಕ್ಕೆ ಮಾರ್ಕ್ಸ್ ಸಹೋದರರ ಅದೇ ಚಿತ್ರದ ಹಡಗಿನ ಕೋಣೆಯ ದೃಶ್ಯವನ್ನೇ ನೋಡಬಹುದು. ಪೆಟ್ಟಿಗೆಯೊಂದು ಹಿಡಿಸುವುದೇ ಕಷ್ಟವಾದ ಕೋಣೆ. ಗ್ರೌಚೊ ಬಾಗಿಲಲ್ಲಿ ನಿಂತು ಊಟಕ್ಕೆ ಹೇಳುತ್ತಾನೆ; ಒಳಗಿನಿಂದ ಚಿಕೊ ಪ್ರತಿ ಸಲವೂ ಬೇಯಿಸಿದ ಮೊಟ್ಟೆ ಸೇರಿಸುತ್ತಾನೆ; ಮೂಕನ ಪಾತ್ರದ ಹಾರ್ಪೊ ಪೀಪಿ ಊದುತ್ತಾನೆ, ಅದಕ್ಕೊಂದು ಮೊಟ್ಟೆ ಹೆಚ್ಚಾಗುತ್ತದೆ. ಇದು ಮಾತಿನ ಪಲ್ಲವಿ. ಆಮೇಲೆ ಒಬ್ಬೊಬ್ಬರಾಗಿ ಕೆಲಸದವರು ಬರುತ್ತಾರೆ, ಯಾರನ್ನೂ ಹೊರಗೆ ಕಳುಹಿಸುವುದಿಲ್ಲ. ಇದು ಮೈಗಳ ಪಲ್ಲವಿ. ಕೋಣೆ ಕಿಕ್ಕಿರಿದು ತುಂಬಿದ ಮೇಲೆ ಹೊರಗಿನಿಂದ ಒಬ್ಬ ಮಾನ್ಯ ಮಹಿಳೆ ಬಾಗಿಲು ತೆರೆಯುತ್ತಾಳೆ. ಒಳಗಿದ್ದವರೆಲ್ಲ ಅವಳ ಕಾಲ ಬಳಿ ಸುರಿಯುತ್ತಾರೆ. ಶಬ್ದ ತೆಗೆದು ನೋಡಿದರೆ ಅರ್ಧ ನಗೆ; ಕಣ್ಣು ಮುಚ್ಚಿ ಕೇಳಿದರೆ ಅರ್ಧ ನಗೆ. ಹರಿಹರನ ಮೂರ್ತಿಯಂತೆ ಎರಡು ಅರ್ಧಗಳೂ ಒಂದೇ ಮೈಯಲ್ಲಿ ನಿಂತಿವೆ.

ಇದರಿಂದ ಅಧ್ಯಾಪಕರಿಗೆ ಒಂದು ಸರಳವಾದ ಪರೀಕ್ಷೆ ದೊರಕುತ್ತದೆ. ತರಗತಿಯಲ್ಲಿ ನಗೆಯ ದೃಶ್ಯವೊಂದನ್ನು ಮೊದಲು ಶಬ್ದವಿಲ್ಲದೆ ತೋರಿಸಿ. ಆಮೇಲೆ ತೆರೆ ಮುಚ್ಚಿ ಶಬ್ದ ಮಾತ್ರ ಕೇಳಿಸಿ. ಎರಡರಲ್ಲಿ ಒಂದರಲ್ಲಾದರೂ ವಿದ್ಯಾರ್ಥಿಗಳು ನಕ್ಕರೆ ಅಲ್ಲಿ ಕಸುಬಿದೆ. ಎರಡರಲ್ಲೂ ನಗದೆ, ಹಿನ್ನೆಲೆಯ ‘ಟೊಂಯ್’ ಕೇಳಿದಾಗ ಮಾತ್ರ ನಕ್ಕರೆ, ನಗಿಸಿದ್ದು ದೃಶ್ಯವಲ್ಲ. ‘ಈಗ ನಗಿರಿ’ ಎಂಬ ಅಪ್ಪಣೆ.

ಹೂಟ ಒಂದು ದೃಶ್ಯದ ಅಳತೆಯದೇ ಆಗಬೇಕೆಂದಿಲ್ಲ. ಇಡೀ ಚಿತ್ರದ ಅಳತೆಗೂ ಬೆಳೆಯಬಲ್ಲದು. ಫಣಿ ರಾಮಚಂದ್ರ ಅವರ 1990ರ ‘ಗಣೇಶನ ಮದುವೆ’ ಇದಕ್ಕೆ ನಮ್ಮ ಕಡೆಯ ಒಳ್ಳೆಯ ಸಾಕ್ಷಿ. ಒಂದೇ ವಠಾರದ ಹುಡುಗನಿಗೂ ಹುಡುಗಿಗೂ ಎದುರೆದುರು ಕಂಡರೆ ಜಗಳ; ಅವರೇ ಬೇರೆ ಹೆಸರುಗಳಲ್ಲಿ, ಮುಖ ಕಾಣದೆ, ಪರಸ್ಪರ ಒಲಿದಿದ್ದಾರೆ. ಅನಂತ್ ನಾಗ್ ಮತ್ತು ವಿನಯಾ ಪ್ರಸಾದ್ ಅವರ ಪಾತ್ರಗಳಿಗೆ ತಿಳಿಯದ್ದು ನಮಗೆ ತಿಳಿದಿದೆ. ಅದು ತಿಳಿದ ಗಳಿಗೆಯಿಂದ ಸಾಮಾನ್ಯವಾದ ಬೈಗುಳವೂ ನಗೆಯಾಗುತ್ತದೆ. ಬೈದವನು ತನ್ನ ಪ್ರಿಯೆಯನ್ನೇ ಬೈದನಲ್ಲವೆ? ಪ್ರತಿ ಜಗಳಕ್ಕೂ ಹೊಸ ಹೂಟ ಬೇಕಿಲ್ಲ. ಅರ್ನ್‌ಸ್ಟ್ ಲೂಬಿಷ್ ನಿರ್ದೇಶಿಸಿದ 1940ರ ‘ದಿ ಶಾಪ್ ಅರೌಂಡ್ ದಿ ಕಾರ್ನರ್’ ಇದೇ ಬಗೆಯ ಕಟ್ಟಡದ್ದು. ಅಂಗಡಿಯಲ್ಲಿ ಕಚ್ಚಾಡುವ ಇಬ್ಬರು ನೌಕರರೇ ಕಾಗದದಲ್ಲಿ ಪ್ರೇಮಿಗಳು. ಆದರೆ ಲೂಬಿಷ್ ನಡುವೆ ಒಂದು ತಿರುವು ಕೊಡುತ್ತಾನೆ: ಹುಡುಗನಿಗೆ ಗುಟ್ಟು ತಿಳಿಯುತ್ತದೆ, ಹುಡುಗಿಗೆ ತಿಳಿಯುವುದಿಲ್ಲ. ಅಲ್ಲಿಂದ ಮುಂದೆ ಅವಳಾಡುವ ಚುಚ್ಚುಮಾತು ನಮಗೆ ನಗೆ, ಅವನಿಗೆ ನೋವು. ಗುಟ್ಟು ಯಾರಿಗೆ ಯಾವಾಗ ತಿಳಿಯಬೇಕೆಂಬ ಲೆಕ್ಕವೇ ದೀರ್ಘ ಹಾಸ್ಯದ ಟೈಮಿಂಗ್.

ಈಗ ಮೊದಲ ಮಾತಿಗೆ ಬರುತ್ತೇನೆ. ಬಿಡುವಿನ ಅಳತೆ ಪ್ರೇಕ್ಷಕರ ಗುಂಪಿನಿಂದ ಬಂದದ್ದು. ತುಂಬಿದ ಚಿತ್ರಮಂದಿರಕ್ಕೆಂದು ಕಟ್ಟಿದ ದೃಶ್ಯವನ್ನು ಹುಡುಗನೊಬ್ಬನು ಬಸ್ಸಿನಲ್ಲಿ ಕುಳಿತು ಕೈಫೋನಿನಲ್ಲಿ ನೋಡಿದರೆ ಅದು ನಿಧಾನವೆನಿಸುತ್ತದೆ. ನಗೆ ತುಂಬಬೇಕಾದ ಜಾಗ ಅವನಿಗೆ ಖಾಲಿ ಕಾಣುತ್ತದೆ. ಅವನಿಗಾಗಿ ತೆಗೆಯುವವರು ಆ ಜಾಗವನ್ನು ಕತ್ತರಿಸುತ್ತಾರೆ. ಕತ್ತರಿಸಿದ ಮೇಲೆ ಹೂಟಕ್ಕೂ ಹೊತ್ತಿಲ್ಲ, ಫಲವೊಂದೇ ಉಳಿಯುತ್ತದೆ. ಅದು ಅವನ ತಪ್ಪಲ್ಲ. ಆದರೆ ಬಿಡುವನ್ನು ಅಳೆಯುತ್ತಿದ್ದ ಗುಡಾರಗಳು ಒಂದೊಂದಾಗಿ ಏಳುತ್ತಿರುವಾಗ ಆ ಅಳತೆಯನ್ನು ಎಲ್ಲಿಯಾದರೂ ಬರೆದಿಡಬೇಕು.

ನಾಟಕದ ಪುಸ್ತಕಗಳಲ್ಲಿ ಅದು ಇಲ್ಲ. ಅಚ್ಚಾದ ಪುಸ್ತಕದಲ್ಲಿ ಮಾತುಗಳಿವೆ. ಚೀಲ ಯಾವಾಗ ಕೆಳಗಿಳಿಯಿತು, ‘ರೀ’ ಎಲ್ಲಿ ಬಿತ್ತು, ನಗೆ ಎಷ್ಟು ಹೊತ್ತು ನಿಂತಿತು ಎಂಬುದಿಲ್ಲ. ಆದ್ದರಿಂದ ದಾವಣಗೆರೆಯ ಕನ್ನಡ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇದು. ಮುಂದಿನ ದುಗ್ಗಮ್ಮನ ಜಾತ್ರೆಗೆ ನಾಟಕ ಕಂಪನಿ ಬಂದರೆ ಅವರ ಒಪ್ಪಿಗೆ ಪಡೆದು, ಒಂದೇ ನಾಟಕದ ಒಂದೇ ಹಾಸ್ಯದೃಶ್ಯವನ್ನು ಹತ್ತು ಇರುಳು ಧ್ವನಿಮುದ್ರಿಸಿಕೊಳ್ಳಿ. ಯಂತ್ರದ ಬಾಯಿ ನಟರ ಕಡೆಗಷ್ಟೇ ಅಲ್ಲ, ಪ್ರೇಕ್ಷಕರ ಕಡೆಗೂ ಇರಲಿ. ವಿದ್ಯಾರ್ಥಿಗಳು ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳಲಿ: ಯಾವ ಪದಕ್ಕೆ ನಗೆ ಹುಟ್ಟಿತು, ಎಷ್ಟು ಸೆಕೆಂಡು ಇತ್ತು, ನಟನು ಯಾವಾಗ ಮುಂದಿನ ಮಾತನ್ನು ಎತ್ತಿದನು, ಮರುದಿನ ಯಾವ ಪದವನ್ನು ಬದಲಿಸಿದನು. ಹಾಸ್ಯಪಾತ್ರದ ಹಿರಿಯರನ್ನು ಕೂರಿಸಿಕೊಂಡು, ಬದಲಿಸಿದ್ದೇಕೆ ಎಂದು ಕೇಳಲಿ. ಆ ಉತ್ತರಗಳೇ ಕನ್ನಡ ಹಾಸ್ಯಕ್ಕೆ ಬೇಕಾದ ಲಕ್ಷಣಗ್ರಂಥದ ಮೊದಲ ಪುಟಗಳಾಗುತ್ತವೆ. ಅವನ್ನು ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಕೇಳುವುದು ತಡವಾದಷ್ಟೂ ಉತ್ತರ ಹೇಳುವವರು ಕಡಿಮೆಯಾಗುತ್ತಾರೆ.